ಅಕ್ಕ ಫೋನಿನಲ್ಲಿ ಒಪ್ಪಿದ್ದಳು, ಸಹಿ ನಾನು ಹಾಕಿದೆ: ಬ್ಯಾಂಕ್ ಯಾಕೆ ತಿರಸ್ಕರಿಸಿತು?

ಪ್ರಶ್ನೆ: ಅಪ್ಪ ತೀರಿಕೊಂಡು ಐದು ತಿಂಗಳಾಯಿತು. ಅವರ ಹೆಸರಿನಲ್ಲಿ ಬ್ಯಾಂಕಿನಲ್ಲಿ 9,60,000 ರೂಪಾಯಿ ಎಫ್‌ಡಿ ಇದೆ. ನಾಮಿನಿ ಹೆಸರು ಕೊಟ್ಟಿರಲಿಲ್ಲ. ಅಮ್ಮ, ಮೆಲ್ಬರ್ನ್‌ನಲ್ಲಿರುವ ಅಕ್ಕ, ಹುಬ್ಬಳ್ಳಿಯ ತಂಗಿ ಮತ್ತು ನಾನು ವಾರಸುದಾರರು. ಹಣ ಪೂರ್ತಿ ಅಮ್ಮನಿಗೇ ಸೇರಲಿ ಅಂತ ಮೂವರು ಮಕ್ಕಳೂ ಒಪ್ಪಿದ್ದೇವೆ. ಬ್ಯಾಂಕಿನವರು ಕ್ಲೇಮ್ ಅರ್ಜಿಗೆ ಅಮ್ಮನ ಸಹಿ, ನಮ್ಮ ಪಾಲು ಬೇಡ ಅನ್ನುವ ಪತ್ರಕ್ಕೆ ಮಕ್ಕಳೆಲ್ಲರ ಸಹಿ ಕೇಳಿದರು. ಅಕ್ಕ ಫೋನಿನಲ್ಲಿ "ನನ್ನದು ನೀನೇ ಹಾಕಿ ಕೊಡೋ" ಅಂದಳು, ಹಾಕಿದೆ. ಅಮ್ಮನ ಕೈ ನಡುಗುತ್ತದೆ, ಅವರ ಸಹಿಯನ್ನೂ ನಾನೇ ಬರೆದೆ. ಈಗ ಮ್ಯಾನೇಜರ್ "ಸಹಿ ಸರಿಯಿಲ್ಲ" ಅಂತ ಎಲ್ಲ ವಾಪಸ್ ಕೊಟ್ಟಿದ್ದಾರೆ. ಒಪ್ಪಿಗೆ ಇದ್ದ ಮೇಲೂ ತಪ್ಪಾ? ಪೊಲೀಸ್ ಕೇಸ್ ಆಗುತ್ತದಾ? ಮುಂದೆ ಏನು ಮಾಡಲಿ? — ಸಾಗರದಿಂದ ಒಬ್ಬ ಓದುಗರು

ಉತ್ತರ: ಕಾಗದ ವಾಪಸ್ ಬಂದದ್ದು ನಿಮ್ಮ ಅದೃಷ್ಟ. ಅದೇ ಕಾಗದದ ಮೇಲೆ ಹಣ ಹೊರಗೆ ಬಂದಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡಿದಷ್ಟು ದಿನ ಇಂಥ ಕ್ಲೇಮ್ ಕಡತಗಳನ್ನು ಬಹಳ ನೋಡಿದ್ದೇನೆ. ಬೇರೆಯವರ ಸಹಿ ಹಾಕಿಕೊಂಡು ಬಂದವರಲ್ಲಿ ಮೋಸ ಮಾಡಲು ಬಂದವರು ಕಡಿಮೆ. ನಿಮ್ಮ ಹಾಗೆ ಓಡಾಟ ಉಳಿಸಲು ಹೋದವರೇ ಜಾಸ್ತಿ. ಕೌಂಟರಿನ ಈಚೆ ಕೂತವನಿಗೆ ಮಾತ್ರ ಇಬ್ಬರ ಕಾಗದವೂ ಒಂದೇ ಥರ ಕಾಣುತ್ತದೆ.

ಬ್ಯಾಂಕಿಗೆ ಆ ಸಹಿ ಯಾಕೆ ಬೇಕು ಅನ್ನುವುದರಿಂದ ಶುರು ಮಾಡೋಣ. ನಿಮ್ಮ ತಂದೆ ವಿಲ್ ಬರೆದಿಲ್ಲ ಅಂದುಕೊಳ್ಳುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮ್ಮ ಮನೆಗೆ ಅನ್ವಯಿಸುವುದಾದರೆ ಹೆಂಡತಿ, ಮಗ, ಹೆಣ್ಣುಮಕ್ಕಳಿಗೆಲ್ಲ ಸಮಪಾಲು. ಬಡ್ಡಿ ಬಿಟ್ಟು ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ 2,40,000 ರೂಪಾಯಿ. ಅಪ್ಪ ಹೋದ ದಿನದಿಂದಲೇ ಅಕ್ಕನ ಪಾಲು ಅಕ್ಕನದು. ಅದನ್ನು ಅಮ್ಮನ ಕೈಗೆ ಕೊಡಲು ಬ್ಯಾಂಕಿಗೆ ಅಕ್ಕನ ಅಪ್ಪಣೆ ಬೇಕು. ಆ ಅಪ್ಪಣೆ ಇರುವುದು ಸಹಿಯಲ್ಲಿ.

ಈಗ ಹೀಗೆ ಯೋಚಿಸಿ. ಬ್ಯಾಂಕ್ ನೀವು ಬರೆದ ಸಹಿಯನ್ನು ನಂಬಿ ಹಣ ಕೊಟ್ಟಿತು. ಎರಡು ವರ್ಷದ ಮೇಲೆ ಮನೆ ಪಾಲಿನ ವಿಷಯಕ್ಕೆ ನಿಮಗೂ ಅಕ್ಕನಿಗೂ ಮಾತು ಬಿತ್ತು. ಅಕ್ಕ ಬ್ಯಾಂಕಿಗೆ ಒಂದು ಪತ್ರ ಬರೆಯುತ್ತಾಳೆ: "ನನ್ನ ಪಾಲು ಬೇಡ ಅಂತ ನಾನು ಬರೆದುಕೊಟ್ಟಿಲ್ಲ. ಅಲ್ಲಿರುವುದು ನನ್ನ ಸಹಿಯಲ್ಲ." ಆಕೆ ಹೇಳುತ್ತಿರುವುದು ನಿಜ ತಾನೇ? ಫೋನಿನಲ್ಲಿ ಏನು ಮಾತಾಡಿದಿರಿ ಅನ್ನುವುದು ಬ್ಯಾಂಕಿಗೆ ಗೊತ್ತಿಲ್ಲ. ಆಗ ಆ 2,40,000 ಮತ್ತು ಅದರ ಬಡ್ಡಿಗೆ ಬ್ಯಾಂಕೇ ಜವಾಬು ಹೇಳಬೇಕು. ನಾಳೆ ನಷ್ಟವಾದರೆ ತುಂಬಿಕೊಡುತ್ತೇನೆ ಅಂತ ಬರೆಸಿಕೊಂಡ ಇಂಡೆಮ್ನಿಟಿ ಬಾಂಡ್ ಹಿಡಿದುಕೊಂಡು ಬ್ಯಾಂಕ್ ಅಮ್ಮನ ಮನೆ ಬಾಗಿಲಿಗೆ ಬರುತ್ತದೆ. "ನಮ್ಮಲ್ಲಿ ಹಾಗೆಲ್ಲ ಆಗಲ್ಲ ಸಾರ್" ಅಂತ ನೀವು ಹೇಳಬಹುದು. ಆದ ಮನೆಗಳಲ್ಲೂ ಮೊದಲು ಹಾಗೇ ಹೇಳಿದ್ದರು.

ಇದು ಒಬ್ಬ ಮ್ಯಾನೇಜರ್ ಹಿಡಿದ ಹಟವಲ್ಲ, ಸುಪ್ರೀಂ ಕೋರ್ಟ್ ಬ್ಯಾಂಕುಗಳಿಗೆ ಕಲಿಸಿದ ಪಾಠ. 1967ರಲ್ಲಿ ವರದಿಯಾದ ಬಿಹಾರದ ಪ್ರಕರಣವೊಂದಿದೆ. ಕಬ್ಬು ಮಾರಾಟದ ಒಂದು ಸಹಕಾರ ಸಂಘದ ಖಾತೆ ಅದು. ಚೆಕ್ಕಿಗೆ ಇಬ್ಬರು ಪದಾಧಿಕಾರಿಗಳು ಸೇರಿ ಸಹಿ ಮಾಡಬೇಕಿತ್ತು. ಪಾವತಿಯಾದ ಒಂದು ಚೆಕ್ಕಿನಲ್ಲಿ ಒಬ್ಬರ ಸಹಿ ಅಸಲಿ, ಇನ್ನೊಬ್ಬರದು ನಕಲಿ. ಒಂದು ಸಹಿ ನಕಲಿಯಾದ ಮೇಲೆ ಬ್ಯಾಂಕಿಗೆ ಅಪ್ಪಣೆಯೇ ಸಿಕ್ಕಿಲ್ಲ, ಆದ್ದರಿಂದ ನಷ್ಟ ಬ್ಯಾಂಕಿನದು ಅಂತ ಕೋರ್ಟ್ ಹೇಳಿತು. ಅರ್ಧ ಸಹಿ ಸರಿಯಿದೆ, ಅರ್ಧ ಅಪ್ಪಣೆ ಇದೆ ಅನ್ನುವ ಲೆಕ್ಕ ಅಲ್ಲಿ ನಡೆಯಲಿಲ್ಲ.

ನಮ್ಮ ಮಂಗಳೂರಿನದೂ ಒಂದಿದೆ. 1987ರಲ್ಲಿ ತೀರ್ಮಾನವಾದ ಕೆನರಾ ಬ್ಯಾಂಕ್ ಮತ್ತು ಕೆನರಾ ಸೇಲ್ಸ್ ಕಾರ್ಪೊರೇಷನ್ ನಡುವಿನ ಮೊಕದ್ದಮೆ. ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ಸಹಿಯನ್ನು ನಕಲು ಮಾಡಿದ 42 ಚೆಕ್ಕುಗಳ ಮೇಲೆ ಮೂರು ಲಕ್ಷಕ್ಕೂ ಹೆಚ್ಚು ಹಣ ಹೋಗಿತ್ತು. ಕಂಪನಿಯವರು ಪಾಸ್‌ಬುಕ್ ಸರಿಯಾಗಿ ನೋಡಿಕೊಂಡಿದ್ದರೆ ಗೊತ್ತಾಗುತ್ತಿತ್ತಲ್ಲ ಅಂತ ಬ್ಯಾಂಕ್ ವಾದಿಸಿತು. ಕೋರ್ಟ್ ಒಪ್ಪಲಿಲ್ಲ. ನಕಲಿ ಸಹಿಯ ಚೆಕ್ಕು ಬ್ಯಾಂಕಿಗೆ ಕೊಟ್ಟ ಅಪ್ಪಣೆಯೇ ಅಲ್ಲ ಅಂದಿತು. ಇವೆರಡೂ ಚೆಕ್ಕಿನ ವಿಷಯ, ನಿಮ್ಮದು ವಾರಸುದಾರರ ಪತ್ರ. ಆದರೆ ಬ್ಯಾಂಕಿನವರ ಭಯ ಎರಡರಲ್ಲೂ ಒಂದೇ: ಕೊಟ್ಟ ಹಣವನ್ನು ಇನ್ನೊಮ್ಮೆ ಕೊಡಬೇಕಾಗಿ ಬರುವ ಭಯ.

ಇನ್ನು ಗೊತ್ತಾದದ್ದು ಹೇಗೆ? ಸಹಿ ನಕಲಿ ಅಂತ ಸಾಬೀತು ಮಾಡುವ ಕೆಲಸ ಬ್ಯಾಂಕಿಗೆ ಇಲ್ಲ. "ನಮಗೆ ಸಮಾಧಾನವಿಲ್ಲ, ಮುಂದೆ ಬಂದು ಸಹಿ ಮಾಡಿ" ಅಂದರೆ ಸಾಕು. ಅಷ್ಟಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಅಕ್ಕನದೊಂದು ಹಳೆಯ ಉಳಿತಾಯ ಖಾತೆ ಅದೇ ಶಾಖೆಯಲ್ಲಿದ್ದರೆ ಅವರ ಮಾದರಿ ಸಹಿ ಕಂಪ್ಯೂಟರಿನಲ್ಲೇ ಇರುತ್ತದೆ. ಅಮ್ಮನ ಪಿಂಚಣಿ ಖಾತೆ ಇದ್ದರೆ ಅವರದೂ ಇರುತ್ತದೆ. ಬೇರೆಯವರ ಸಹಿಯನ್ನು ನಾವು ಬರೆಯುವುದಿಲ್ಲ, ಚಿತ್ರ ಬಿಡಿಸುತ್ತೇವೆ. ಕೈ ನಿಧಾನವಾಗುತ್ತದೆ. ಗೆರೆಯ ದಪ್ಪ ಶುರುವಿನಿಂದ ಕೊನೆಯವರೆಗೆ ಒಂದೇ ಸಮ ಇರುತ್ತದೆ. ತಿರುವಿನಲ್ಲಿ ಪೆನ್ನು ನಿಂತು ಶಾಯಿಯ ಚುಕ್ಕೆ ಬೀಳುತ್ತದೆ. ವಯಸ್ಸಾದವರ ಸಹಿಯೂ ನಡುಗುತ್ತದೆ ನಿಜ. ಆದರೆ ಅವರ ಕೈಗೆ ದಾರಿ ಗೊತ್ತಿರುತ್ತದೆ. ಎಲ್ಲಿ ಶುರು, ಎಲ್ಲಿ ತಿರುವು, ಕೊನೆಯ ಗೆರೆ ಎತ್ತ ಹಾರಬೇಕು ಅನ್ನುವುದು ಹಳೆಯ ಅಭ್ಯಾಸದ ಹಾಗೇ ಬರುತ್ತದೆ. ನಕಲು ಮಾಡುವವನ ಕೈ ನಡುಗುವುದು ದಾರಿ ಗೊತ್ತಿಲ್ಲದ ಕಡೆ.

ಆದರೆ ನಿಜ ಹೇಳಬೇಕೆಂದರೆ ಎಷ್ಟೋ ಕಡತಗಳಲ್ಲಿ ಅಷ್ಟು ದೂರ ಹೋಗುವುದೇ ಬೇಡ. ಅಕ್ಕನ ಗುರುತಿಗೆ ಅಂತ ನೀವೇ ಪಾಸ್‌ಪೋರ್ಟ್, ವೀಸಾ ಪ್ರತಿ ಲಗತ್ತಿಸಿರುತ್ತೀರಿ. ವಿಳಾಸ ಮೆಲ್ಬರ್ನ್ ಅಂತ ಬರೆದಿರುತ್ತೀರಿ. ಪತ್ರದ ಕೆಳಗೆ "ಸ್ಥಳ: ಸಾಗರ" ಅಂತ ಇರುತ್ತದೆ. ನಾಲ್ಕೂ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ತಾರೀಖಿನಲ್ಲಿ. ಕಾಗದವೇ ತನ್ನ ಕಥೆ ಹೇಳಿಬಿಡುತ್ತದೆ.

ಇನ್ನೊಂದು ಮಾತು. ಇಂಥ ಪತ್ರಗಳಲ್ಲಿ "ನನ್ನ ಸಮಕ್ಷಮದಲ್ಲಿ ಸಹಿ ಮಾಡಿದ್ದಾರೆ" ಅಂತ ಸಾಕ್ಷಿಗಳ ಜಾಗ ಇರುವುದುಂಟು. ಅಲ್ಲಿ ಪಕ್ಕದ ಮನೆಯ ಮೇಷ್ಟ್ರಿಂದಲೋ ಅಂಗಡಿಯವರಿಂದಲೋ ಸಹಿ ಮಾಡಿಸಿದ್ದರೆ, ಅವರನ್ನೂ ಸುಳ್ಳು ಸಾಕ್ಷಿ ಮಾಡಿದ ಹಾಗಾಯಿತು. ಹೊಸ ಕಾಗದ ಕೊಡುವಾಗ ಅವರಿಗೆ ವಿಷಯ ಹೇಳಿ.

ಒಪ್ಪಿಗೆ ಇದ್ದ ಮೇಲೂ ತಪ್ಪಾ ಅಂತ ಕೇಳಿದ್ದೀರಿ. ಇಲ್ಲಿ ಎರಡು ವಿಷಯ ಬೆರೆತಿವೆ. ಒಂದು ಅಪರಾಧದ ಮಾತು, ಇನ್ನೊಂದು ಆ ಕಾಗದ ನಡೆಯುತ್ತದಾ ಅನ್ನುವ ಮಾತು.

ಅಪರಾಧದ ಮಟ್ಟಿಗೆ, 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 335, 336ನೇ ಕಲಮುಗಳು ನಕಲಿ ದಾಖಲೆಯ ವಿಷಯ ಹೇಳುತ್ತವೆ. ಅಲ್ಲಿ ಬರಿ ಸಹಿ ಹಾಕಿದ್ದನ್ನಷ್ಟೇ ನೋಡುವುದಿಲ್ಲ. ಅಪ್ರಾಮಾಣಿಕ ಅಥವಾ ಮೋಸದ ಉದ್ದೇಶ ಇತ್ತಾ, ಆ ವ್ಯಕ್ತಿಯ ಅಧಿಕಾರ ಇಲ್ಲದೆ ಮಾಡಿದ್ದಾ ಅನ್ನುವುದನ್ನು ನೋಡುತ್ತದೆ. ಅಕ್ಕ ನಿಜವಾಗಿ ಹೇಳಿದ್ದರೆ, ಹಣವೂ ಆಕೆ ಹೇಳಿದಂತೆ ಅಮ್ಮನಿಗೇ ಸೇರುವುದಿದ್ದರೆ ನಿಮ್ಮ ಪರ ಹೇಳಲು ಮಾತಿದೆ. ಆದರೆ ಅದು ಪೊಲೀಸರ ಮುಂದೆ, ಕೋರ್ಟಿನ ಮುಂದೆ ಹೇಳಬೇಕಾದ ಮಾತು. ಬ್ಯಾಂಕಿಗೆ ತೋರಿಸಿದ್ದು ನಿಮ್ಮ ಸಹಿ ಅಂತ ಅಲ್ಲ, ಅಕ್ಕನ ಸಹಿ ಅಂತ. ಆ ತೊಡಕು ಉಳಿಯುತ್ತದೆ. ಹಣದ ಹಕ್ಕು ಬಿಟ್ಟುಕೊಡುವ ಬೆಲೆಬಾಳುವ ಪತ್ರಗಳನ್ನು ನಕಲು ಮಾಡಿದರೆ 338ನೇ ಕಲಮಿನಲ್ಲಿ ಹತ್ತು ವರ್ಷದವರೆಗೆ, ಜೀವಾವಧಿಯವರೆಗೂ ಶಿಕ್ಷೆ ಬರೆದಿದೆ. ಹೆದರಿಸಲು ಹೇಳುತ್ತಿಲ್ಲ. ಹಣ ಹೋಗಿಲ್ಲ, ಯಾರೂ ದೂರು ಕೊಟ್ಟಿಲ್ಲ, ಕಾಗದ ನಿಮ್ಮ ಕೈಗೇ ವಾಪಸ್ ಬಂದಿದೆ. ಇಂಥ ಹಂತದಲ್ಲಿ ಶಾಖೆಯವರು ಪೊಲೀಸ್ ಠಾಣೆಗೆ ಹೋದದ್ದನ್ನು ನಾನು ಕಂಡಿಲ್ಲ. ಹಾಗೇನಾದರೂ ಬರವಣಿಗೆಯಲ್ಲಿ ನೋಟಿಸ್ ಬಂದರೆ ನೀವೇ ಉತ್ತರ ಬರೆಯಲು ಕೂರಬೇಡಿ, ವಕೀಲರನ್ನು ನೋಡಿ.

ಕಾಗದ ನಡೆಯುತ್ತದಾ ಅನ್ನುವುದಕ್ಕೆ ಉತ್ತರ ಸಲೀಸು: ನಡೆಯುವುದಿಲ್ಲ. ಒಬ್ಬರ ಪರವಾಗಿ ನೀವು ನಿಮ್ಮ ಹೆಸರಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಒಂದು ಕೆಲಸ ಮಾಡಿದರೆ, ಅಧಿಕಾರ ಕಡಿಮೆ ಬಿದ್ದರೂ ಅವರು ಆಮೇಲೆ "ಹೌದು, ನನ್ನ ಪರವಾಗಿಯೇ ಮಾಡಿದ್ದು" ಅಂತ ಒಪ್ಪಿಕೊಳ್ಳಲು ಕರಾರು ಕಾಯ್ದೆಯಲ್ಲಿ ದಾರಿಯಿದೆ. ಅವರೇ ಬರೆದರು ಅನ್ನುವ ಹಾಗೆ ಅವರ ಸಹಿ ಬರೆದರೆ ನೀವು ಯಾರ ಪರವಾಗಿಯೂ ಕೆಲಸ ಮಾಡಿದ ಹಾಗಾಗಲಿಲ್ಲ. ನೀವು ಆ ಕಾಗದದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಇಲ್ಲಿ ಬಹಳ ಜನ ಮಾಡುವ ಎರಡನೇ ತಪ್ಪನ್ನು ನೀವು ಮಾಡಬೇಡಿ. ಅಕ್ಕನಿಂದ "ಅದು ನನ್ನದೇ ಸಹಿ" ಅಂತ ಬ್ಯಾಂಕಿಗೆ ಇಮೇಲ್ ಹಾಕಿಸಬೇಡಿ. ಇವತ್ತಿನವರೆಗೆ ತಪ್ಪು ನಿಮ್ಮೊಬ್ಬರದು. ಆ ಇಮೇಲ್ ಹೋದ ಮೇಲೆ ಅಕ್ಕನೂ ಬರವಣಿಗೆಯಲ್ಲಿ ಸುಳ್ಳು ಹೇಳಿದ ಹಾಗೆ. ಅವರ ಸಹಿಯ ಫೋಟೋ ವಾಟ್ಸಾಪಿನಲ್ಲಿ ತರಿಸಿ ಪತ್ರಕ್ಕೆ ಅಂಟಿಸಿ ಪ್ರಿಂಟ್ ತೆಗೆಯುವುದೂ ಬೇಡ. ಪೆನ್ನಿನ ಬದಲು ಪ್ರಿಂಟರ್ ಬಂತು, ಅಷ್ಟೇ.

ಈಗ ಮಾಡಬೇಕಾದದ್ದು. ಅಮ್ಮನಿಂದ ಶುರು ಮಾಡೋಣ, ಅದು ಸುಲಭ. ಅಮ್ಮನಿಗೆ ಹೇಗಾದರೂ ಸಹಿ ಮಾಡಲು ಬರುತ್ತದೆ ಅಂದರೆ ನಡುಗುವ ಸಹಿಯೇ ಇರಲಿ. ಹಳೆಯದಕ್ಕೆ ಹೊಂದದಿದ್ದರೆ ಶಾಖೆಯವರು ಎದುರು ಕೂರಿಸಿ ಹೊಸ ಮಾದರಿ ಸಹಿ ತೆಗೆದುಕೊಳ್ಳುತ್ತಾರೆ. ಸಹಿ ಬರುವುದೇ ಇಲ್ಲ ಅಂದರೆ ಹೆಬ್ಬೆಟ್ಟು. ಕಾಯಿಲೆಯಿಂದ ಅಥವಾ ವಯಸ್ಸಿನಿಂದ ಸಹಿ ಮಾಡಲಾಗದ ಗ್ರಾಹಕರಿಗೆ ಆರ್‌ಬಿಐ ಬಹಳ ಹಿಂದೆಯೇ ದಾರಿ ಹೇಳಿದೆ. ಹೆಬ್ಬೆಟ್ಟಿನ ಗುರುತನ್ನು ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಕೈ ಹೆಬ್ಬೆಟ್ಟು ಆಗದಿದ್ದರೆ ಕಾಲಿನ ಹೆಬ್ಬೆಟ್ಟೂ ನಡೆಯುತ್ತದೆ. ಈ ನಿಯಮ ಖಾತೆಯಿಂದ ಹಣ ತೆಗೆಯುವುದಕ್ಕೆ ಅಂತ ಹುಟ್ಟಿದ್ದು, ಕ್ಲೇಮ್ ಅರ್ಜಿಗೂ ಶಾಖೆಗಳು ಇದೇ ಕ್ರಮ ಹಿಡಿಯುತ್ತವೆ.

ಅಮ್ಮನಿಗೆ ಬ್ಯಾಂಕಿನವರೆಗೆ ಬರಲು ಆಗದಿದ್ದರೆ ಅಧಿಕಾರಿಯನ್ನು ಮನೆಗೆ ಕಳಿಸಲು ಬರವಣಿಗೆಯಲ್ಲಿ ಕೇಳಿ. 70 ದಾಟಿದವರಿಗೆ ಮನೆಬಾಗಿಲ ಸೇವೆ ಕೊಡಲು ಬ್ಯಾಂಕುಗಳಿಗೆ ಸೂಚನೆ ಇದೆ. ಅಧಿಕಾರಿ ಬಂದಾಗ ನೀವು ಅಮ್ಮನ ಕೈ ಹಿಡಿದು ಸಹಿ ಮಾಡಿಸಲು ಹೋಗಬೇಡಿ. ಪ್ರೀತಿಯಿಂದ ಹಿಡಿದ ಕೈಯೇ ಆದರೂ ಸಹಿ ಯಾರದು ಅನ್ನುವ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿ, ಅರ್ಥವಾಯಿತಾ ಅಂತ ಅಧಿಕಾರಿಯೇ ಅಮ್ಮನನ್ನು ಕೇಳಲಿ.

ಅಕ್ಕನ ವಿಷಯಕ್ಕೆ ಬಂದರೆ, ಜನ ತಕ್ಷಣ ಹೇಳುವುದು "ಜಿಪಿಎ ಮಾಡಿಸಿಬಿಡಿ" ಅಂತ, ಅಂದರೆ ಎಲ್ಲ ಕೆಲಸಕ್ಕೂ ಒಟ್ಟಿಗೆ ಬರೆದುಕೊಡುವ ಅಧಿಕಾರ ಪತ್ರ. ನಿಮಗೆ ಇದೊಂದೇ ಕೆಲಸ ಇರುವುದಾದರೆ ಜಿಪಿಎ ಬೇಡ ಅನ್ನುತ್ತೇನೆ. ಅಧಿಕಾರ ಪತ್ರ ಮಾಡಿಸಲು ಅಕ್ಕ ಹೇಗೂ ಒಬ್ಬ ಅಧಿಕಾರಿಯ ಮುಂದೆ ಹೋಗಲೇಬೇಕು. ಹೋಗುವುದು ಹೋಗುತ್ತಾರೆ, ಬ್ಯಾಂಕಿನ ಹಕ್ಕು ಬಿಡುವ ಪತ್ರಕ್ಕೇ ಅಲ್ಲಿ ಸಹಿ ಮಾಡಿಬಿಡಲಿ. ಅದು ಒಂದು ಮೆಟ್ಟಿಲು ಕಡಿಮೆ, ತಕರಾರೂ ಕಡಿಮೆ.

ಅದರ ಕ್ರಮ ಹೀಗೆ. ಬ್ಯಾಂಕಿನ ನಮೂನೆಯನ್ನು ಖಾಲಿಯಾಗಿ ಸ್ಕ್ಯಾನ್ ಮಾಡಿ ಅಕ್ಕನಿಗೆ ಕಳಿಸಿ. ಅದಕ್ಕೂ ಮೊದಲು ಶಾಖೆಗೆ ಇಮೇಲ್ ಮಾಡಿ, ವಿದೇಶದಲ್ಲಿರುವವರ ಸಹಿಯನ್ನು ಯಾರು ದೃಢೀಕರಿಸಿದರೆ ಒಪ್ಪುತ್ತೀರಿ ಅಂತ ಕೇಳಿ. ಭಾರತೀಯ ಕಾನ್ಸುಲೇಟ್ ಅಂದರೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಮೆಲ್ಬರ್ನ್‌ನಲ್ಲೇ ನಮ್ಮ ಕಾನ್ಸುಲೇಟ್ ಇದೆ. ಕೆಲವು ಬ್ಯಾಂಕುಗಳು ಅಲ್ಲಿನ ನೋಟರಿಯ ಸಹಿ, ಅದರ ಮೇಲೆ ಆಸ್ಟ್ರೇಲಿಯಾದ ವಿದೇಶಾಂಗ ಇಲಾಖೆಯ ಅಪೊಸ್ಟೀಲ್ ಇದ್ದರೂ ಒಪ್ಪುತ್ತವೆ. ಆ ನೋಟರಿ ನಿಜವಾದ ನೋಟರಿಯೇ ಅಂತ ಅಲ್ಲಿನ ಸರ್ಕಾರ ಹಾಕುವ ಮುದ್ರೆ ಅದು. ಭಾರತವೂ ಆಸ್ಟ್ರೇಲಿಯಾವೂ ಆ ಒಪ್ಪಂದದಲ್ಲಿವೆ.

ಅಕ್ಕನಿಗೆ ಒಂದು ಮಾತು ಒತ್ತಿ ಹೇಳಿ: ಮನೆಯಲ್ಲಿ ಸಹಿ ಮಾಡಿಕೊಂಡು ಹೋಗಬಾರದು. ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ ಅಧಿಕಾರಿಯ ಎದುರೇ ಸಹಿ ಮಾಡಬೇಕು. ಮೊದಲೇ ಸಹಿ ಮಾಡಿಕೊಂಡು ಹೋದರೆ ಆ ಕಾಗದ ವ್ಯರ್ಥ, ಹೊಸದರಲ್ಲಿ ಮತ್ತೆ ಬರೆಯಬೇಕಾಗುತ್ತದೆ. ಸ್ಥಳ ಮೆಲ್ಬರ್ನ್, ತಾರೀಖು ಅವತ್ತಿನದು. ಎಫ್‌ಡಿ ನಂಬರ್, ಮೊತ್ತ, ಯಾರ ಪರವಾಗಿ ಹಕ್ಕು ಬಿಡುತ್ತಿದ್ದೇನೆ ಅನ್ನುವುದು ಪತ್ರದಲ್ಲಿ ತುಂಬಿರಬೇಕು. ಖಾಲಿ ನಮೂನೆಗೆ ಸಹಿ ಬೇಡ. ಆಮೇಲೆ ಅಸಲು ಕಾಗದ ಕೊರಿಯರ್‌ನಲ್ಲಿ ಬರಲಿ. ಸ್ಕ್ಯಾನ್ ಪ್ರತಿಯಲ್ಲಿ ಬ್ಯಾಂಕ್ ಹಣ ಕೊಡುವುದಿಲ್ಲ.

ಅಪ್ಪನ ಹೆಸರಿನ ಖಾತಾ ಬದಲಾವಣೆ, ಷೇರು, ಇನ್ನೊಂದು ಬ್ಯಾಂಕಿನ ಲಾಕರ್ ಇವೆಲ್ಲ ಬಾಕಿ ಇದ್ದರೆ ಮಾತ್ರ ಅಧಿಕಾರ ಪತ್ರಕ್ಕೆ ಅರ್ಥವಿದೆ. ಆಗಲೂ ಎಲ್ಲವನ್ನೂ ಒಟ್ಟಿಗೆ ಬರೆದುಕೊಡುವ ಜಿಪಿಎಗಿಂತ ಯಾವ್ಯಾವ ಕೆಲಸ ಅಂತ ಪಟ್ಟಿ ಮಾಡಿದ ನಿರ್ದಿಷ್ಟ ಅಧಿಕಾರ ಪತ್ರ ಒಳ್ಳೆಯದು. ಇಂಥ ಪತ್ರವನ್ನು ಬ್ಯಾಂಕುಗಳೂ ಕೋರ್ಟುಗಳೂ ಅಕ್ಷರ ಹಿಡಿದು ಓದುತ್ತವೆ. "ಬ್ಯಾಂಕ್ ವ್ಯವಹಾರ ನೋಡಿಕೊಳ್ಳಲು" ಅಂತ ಬರೆದಿದ್ದರೆ ಅದರಲ್ಲಿ ಹಕ್ಕು ಬಿಟ್ಟುಕೊಡುವ ಅಧಿಕಾರ ಬರುವುದಿಲ್ಲ. "ಇಂಥ ಠೇವಣಿಯಲ್ಲಿ ನನ್ನ ಪಾಲನ್ನು ತಾಯಿಯವರ ಪರವಾಗಿ ಬಿಟ್ಟುಕೊಡಲು" ಅಂತ ಬಾಯಿಬಿಟ್ಟು ಬರೆದಿರಬೇಕು. ಹೊರದೇಶದಲ್ಲಿ ಸಹಿಯಾದ ಅಧಿಕಾರ ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು. ಇದನ್ನು ಮರೆತು ನಾಲ್ಕನೇ ತಿಂಗಳು ದಂಡದ ಲೆಕ್ಕ ಕೇಳಿಕೊಂಡು ಓಡಾಡಿದವರನ್ನು ನೋಡಿದ್ದೇನೆ. ಕೊರಿಯರ್ ಕವರನ್ನು ಬಿಸಾಡಬೇಡಿ, ಕಾಗದ ಯಾವತ್ತು ಬಂತು ಅನ್ನುವುದಕ್ಕೆ ಅದೇ ಪುರಾವೆ.

ಅಧಿಕಾರ ಪತ್ರ ಕೈಗೆ ಬಂದ ಮೇಲೂ ಅಕ್ಕನ ಸಹಿಯನ್ನು ನೀವು ಹಾಕುವಂತಿಲ್ಲ. ತುಂಬಾ ಜನ ಎಡವುವುದು ಇಲ್ಲೇ. ನೀವು ಹಾಕಬೇಕಾದದ್ದು ನಿಮ್ಮದೇ ಸಹಿ. ಅದರ ಕೆಳಗೆ "ಶ್ರೀಮತಿ ಇಂಥವರ ಪರವಾಗಿ, ಇಂಥ ತಾರೀಖಿನ ಅಧಿಕಾರ ಪತ್ರದಂತೆ, ಅವರ ಅಧಿಕಾರ ಪಡೆದ ಇಂಥವನು" ಅಂತ ಬರೆಯಬೇಕು. 1882ರ ಅಧಿಕಾರ ಪತ್ರ ಕಾಯ್ದೆ ಇದನ್ನೇ ಹೇಳುವುದು: ಅಧಿಕಾರ ಪಡೆದವನು ತನ್ನ ಹೆಸರಿನಲ್ಲಿ, ತನ್ನ ಸಹಿಯಲ್ಲಿ ಮಾಡಿದರೂ ಅದು ಕೊಟ್ಟವರೇ ಮಾಡಿದಂತೆ. ಹಾಗೆಯೇ, ಅಧಿಕಾರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಪತ್ರವೂ ಅಲ್ಲಿಗೆ ಮುಗಿಯಿತು. ಅಪ್ಪ ಬದುಕಿದ್ದಾಗ ನಿಮಗೊಂದು ಜಿಪಿಎ ಬರೆದುಕೊಟ್ಟಿದ್ದರೆ ಈ ಎಫ್‌ಡಿಗೆ ಅದನ್ನು ತೆಗೆದುಕೊಂಡು ಹೋಗಬೇಡಿ.

ಈ ಓಡಾಟ ಯಾವುದೂ ಬೇಡ ಅಂದರೆ ಮೂರನೇ ದಾರಿಯೊಂದಿದೆ, ಯಾಕೋ ಯಾರೂ ಯೋಚಿಸುವುದಿಲ್ಲ. ಅಕ್ಕ ಹಕ್ಕು ಬಿಡುವುದೇ ಬೇಡ. ತಾವೂ ಒಬ್ಬ ಕ್ಲೇಮುದಾರರಾಗಿ ತಮ್ಮ ಪಾಲನ್ನು ವಿದೇಶದಲ್ಲಿರುವವರು ಭಾರತದ ಹಣಕ್ಕಾಗಿ ಇಲ್ಲಿನ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಒ ಖಾತೆಗೆ ಹಾಕಿಸಿಕೊಂಡು, ಅಲ್ಲಿಂದ ಅಮ್ಮನಿಗೆ ಕಳಿಸಲಿ. ಅದಕ್ಕೂ ಸಹಿ ಬೇಕು. ಆದರೆ ತನ್ನ ಹಣ ತಾನೇ ಪಡೆದವರು ನಾಳೆ ಸಿಕ್ಕಿಲ್ಲ ಅನ್ನಲಾರರು ಅಂತ ಬ್ಯಾಂಕಿಗೂ ನೆಮ್ಮದಿ.

ಹಳೆಯ ಕಾಗದ ಹರಿದು ಹಾಕಬೇಡಿ, ಮತ್ತೆ ಕೊಡಲೂ ಬೇಡಿ. ಶಾಖೆಯಲ್ಲಿ ಅದರ ಪ್ರತಿ ಇರಬಹುದು. ಮ್ಯಾನೇಜರಿಗೆ ಒಂದು ಸಣ್ಣ ಪತ್ರ ಬರೆಯಿರಿ: "ಇಂಥ ದಿನ ಕೊಟ್ಟ ಅರ್ಜಿ ಮತ್ತು ಪತ್ರಗಳನ್ನು ವಾಪಸ್ ಪಡೆದಿದ್ದೇನೆ, ಅವುಗಳನ್ನು ಪರಿಗಣಿಸಬಾರದು. ಎಲ್ಲ ವಾರಸುದಾರರೂ ಸ್ವತಃ ಸಹಿ ಮಾಡಿದ ಹೊಸ ಅರ್ಜಿ ಕೊಡುತ್ತೇವೆ." ಮ್ಯಾನೇಜರ್ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ, ಕಥೆ ಕಟ್ಟಬೇಡಿ. ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಹೊಸ ಅರ್ಜಿ ಪೂರ್ತಿಯಾಗಿ ಕೊಟ್ಟ ಮೇಲೆ ಎಳೆದಾಡಿಸುವ ಅಧಿಕಾರ ಬ್ಯಾಂಕಿಗೂ ಇಲ್ಲ. ತೀರಿಕೊಂಡ ಗ್ರಾಹಕರ ಕ್ಲೇಮ್ ಬಗ್ಗೆ ಆರ್‌ಬಿಐ 2025ರ ಸೆಪ್ಟೆಂಬರ್‌ನಲ್ಲಿ ಹೊಸ ನಿರ್ದೇಶನ ಹೊರಡಿಸಿದೆ. ನಾಮಿನಿ ಇಲ್ಲದಿದ್ದರೂ 15 ಲಕ್ಷದವರೆಗೆ ಸರಳ ಕ್ರಮ, ಸಹಕಾರ ಬ್ಯಾಂಕ್ ಆದರೆ 5 ಲಕ್ಷದವರೆಗೆ. ಎಲ್ಲ ದಾಖಲೆ ತಲುಪಿದ 15 ದಿನದಲ್ಲಿ ಇತ್ಯರ್ಥ ಮಾಡಬೇಕು. ನಿಮ್ಮದು ಸಹಕಾರ ಬ್ಯಾಂಕ್ ಅಲ್ಲದಿದ್ದರೆ 9,60,000 ಈ ಮಿತಿಯೊಳಗೇ ಇದೆ. ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಅಂತ ಯಾರಾದರೂ ಹೇಳಿದರೆ ಈ ನಿರ್ದೇಶನ ತೋರಿಸಿ. ಒಂದು ಮಾತು ಮಾತ್ರ: ವಾರಸುದಾರರ ನಡುವೆ ತಕರಾರು ಇಲ್ಲ ಅನ್ನುವುದು ಆ ಸರಳ ಕ್ರಮದ ಷರತ್ತು. "ಇದು ನನ್ನ ಸಹಿಯಲ್ಲ" ಅಂತ ಒಬ್ಬರು ಒಂದು ಸಾಲು ಬರೆದರೂ ಕಡತ ಕೋರ್ಟಿನ ದಾರಿ ಹಿಡಿಯುತ್ತದೆ.

ಹೇಗೂ ಶಾಖೆಗೆ ಹೋಗುತ್ತೀರಲ್ಲ, ಅಮ್ಮನ ಖಾತೆಗೆ ನಾಮಿನಿ ಇದೆಯಾ ನೋಡಿಕೊಂಡು ಬನ್ನಿ. 2025ರ ನವೆಂಬರ್‌ನಿಂದ ನಾಲ್ಕು ಜನರವರೆಗೆ ಹೆಸರು ಕೊಡಬಹುದು. ನಾಮಿನಿ ಅಂದರೆ ಮಾಲೀಕರಲ್ಲ, ವಾರಸುದಾರರ ಪರವಾಗಿ ಹಣ ಪಡೆಯುವವರು ಅಷ್ಟೇ. ಆದರೆ ಅಪ್ಪನ ಎಫ್‌ಡಿಗೆ ಆ ಒಂದು ಹೆಸರು ಇದ್ದಿದ್ದರೆ ಬ್ಯಾಂಕ್ ಮೆಲ್ಬರ್ನ್‌ನಿಂದ ಸಹಿ ಕೇಳುತ್ತಲೇ ಇರಲಿಲ್ಲ.